ಎರಡು ಸಾವಿರ ಯಾವ ಲೆಕ್ಕ?

ಷೇರು ಮಾರುಕಟ್ಟೆಯಲ್ಲಿ ಹಣ ಕಳೆದುಕೊಂಡು ನನ್ನ ಹತ್ತಿರ ಸಮಾಲೋಚನೆಗೆ ಬರುವವರು ಈಗ ತಿಂಗಳಿಗೆ ಇಬ್ಬರಾದರೂ ಇರುತ್ತಾರೆ. ಹೆಚ್ಚಿನವರು ಹೆಂಡತಿಯ ಅಥವಾ ಅಪ್ಪನ ಒತ್ತಾಯಕ್ಕೆ ಬಂದವರು. ಈ ಯುವಕ ತಾವಾಗಿಯೇ ಬಂದಿದ್ದರು, ಅದೂ ಕೈಯಲ್ಲಿ ಒಂದು ಹಾಳೆ ಹಿಡಿದುಕೊಂಡು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ವಯಸ್ಸು ಇಪ್ಪತ್ತೇಳು, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಮದುವೆಯಾಗಿ ವರ್ಷವಾಗಿತ್ತು. ನಿಫ್ಟಿ ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ನಿಫ್ಟಿ ಆಪ್ಷನ್‌ನಲ್ಲಿ ಒಂದೇ ತಿಂಗಳಿಗೆ 80,000 ರೂಪಾಯಿ ಹೋಗಿತ್ತು.

ಹಾಳೆಯಲ್ಲಿ ನೀಲಿ ಶಾಯಿಯ ಮೂರು ಸಾಲು. ಎಂಟ್ರಿ: ಟ್ರೆಂಡ್ ಪಕ್ಕಾ ಆದ ಮೇಲೆ ಮಾತ್ರ. ಎಕ್ಸಿಟ್: ಇಪ್ಪತ್ತು ಪಾಯಿಂಟ್ ಸ್ಟಾಪ್‌ಲಾಸ್. ದಿನದ ನಷ್ಟ: 2,000 ದಾಟಬಾರದು. ಸ್ಟಾಪ್‌ಲಾಸ್ ಅಂದರೆ ಬೆಲೆ ಅಷ್ಟು ಬಿದ್ದ ಕೂಡಲೇ ಮಾರಿ ಹೊರಬರುವುದು.

"ರೂಲ್ಸ್ ಬರೆದು ಎರಡು ವಾರ ಆಯ್ತು ಮೇಡಂ. ಐದು ದಿನ ಮುರಿದಿದ್ದೀನಿ. ನನಗೆ ಶಿಸ್ತೇ ಇಲ್ಲ," ಅಂದರು.

ನನಗೆ ಮಾರುಕಟ್ಟೆ ಗೊತ್ತಿಲ್ಲ. ಆದರೆ ಗುಣಾಕಾರ ಗೊತ್ತು. ಒಂದು ಲಾಟ್, ಅಂದರೆ ಒಮ್ಮೆಗೆ ಕನಿಷ್ಠ ಕೊಳ್ಳಬೇಕಾದ ಸಂಖ್ಯೆ, ಎಷ್ಟು ಅಂತ ಕೇಳಿದೆ. ಆಗ 75 ಇತ್ತು. ಇಪ್ಪತ್ತು ಪಾಯಿಂಟ್ ಹೋದರೆ ಒಂದು ಟ್ರೇಡ್‌ಗೆ 1,500 ರೂಪಾಯಿ.

"ಮೊದಲನೆಯದು ಸೋತರೆ ನಿಮ್ಮ ಹತ್ತಿರ ಎಷ್ಟು ಉಳಿಯಿತು?"

"ಐನೂರು."

"ಐನೂರಕ್ಕೆ ಎಷ್ಟು ಪಾಯಿಂಟ್ ಸ್ಟಾಪ್‌ಲಾಸ್ ಬರುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆರೂವರೆ... ಏಳು ಸಹ ಇಲ್ಲ. ಅಷ್ಟು ಅಲ್ಲಾಡೋಕೆ ಒಂದು ನಿಮಿಷ ಸಾಕು. ಅಂದ್ರೆ ಎರಡನೇ ಟ್ರೇಡ್ ಹಾಕಿದ ಕ್ಷಣವೇ ನಾನು ರೂಲ್ ಮುರಿದ ಹಾಗೆ, ಅಲ್ವಾ?"

ಅಷ್ಟೇ ವಿಷಯ. ಎರಡನೇ ಸಾಲಿಗೂ ಮೂರನೇ ಸಾಲಿಗೂ ಹೊಂದಾಣಿಕೆಯೇ ಇರಲಿಲ್ಲ. ಅಂಗಡಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಕೂತು ಹುಡುಕುವ ಮನುಷ್ಯ ಇಲ್ಲಿ ಗುಣಿಸಿಯೇ ನೋಡಿರಲಿಲ್ಲ. 2,000 ಎಲ್ಲಿಂದ ಬಂತು ಅಂತ ಕೇಳಿದಾಗ, "ಸುಮ್ನೆ, ತಡೆದುಕೊಳ್ಳಬಹುದು ಅನ್ನಿಸ್ತು" ಅಂದರು. ಹಾಳೆ ಬರೆದದ್ದು ತಿಂಗಳ ಕೊನೆಯ ರಾತ್ರಿ, ಅತ್ತ ಮೇಲೆ.

ಮೊಬೈಲ್‌ನಲ್ಲಿ ಟ್ರೇಡ್ ಬುಕ್ ತೆರೆಸಿದೆ. ಮುರಿದ ಐದೂ ದಿನ ಒಂದೇ ಕಥೆ. ಒಂದು ದಿನ 10:12ಕ್ಕೆ ಸ್ಟಾಪ್‌ಲಾಸ್ ಹೊಡೆದಿದೆ, 10:15ಕ್ಕೆ ಮತ್ತೆ ಖರೀದಿ. ಆ ಮೂರು ನಿಮಿಷದಲ್ಲಿ ಟ್ರೆಂಡ್ ಪಕ್ಕಾ ಆಯಿತೇ ಅಂದೆ. ತಲೆ ತಗ್ಗಿಸಿದರು. "ಪಕ್ಕಾ" ಅನ್ನುವ ಪದ ಇರುವವರೆಗೆ ಅದನ್ನು ಯಾವಾಗ ಬೇಕಾದರೂ ಪಕ್ಕಾ ಮಾಡಿಕೊಳ್ಳಬಹುದು.

ಹಾಳೆಯನ್ನು ಅಲ್ಲೇ ಅವರಿಂದ ತಿದ್ದಿಸಿದೆ. ನನ್ನ ಷರತ್ತು ಒಂದೇ: ಚಾರ್ಟ್ ಗೊತ್ತಿಲ್ಲದ ಹೆಂಡತಿ ಸಂಜೆ ನೋಡಿ "ಪಾಲಿಸಿದ್ದೀರಿ" ಅಥವಾ "ಇಲ್ಲ" ಅನ್ನುವಂತಿರಬೇಕು. ಅವರೇ ಬರೆದದ್ದು ಹೀಗೆ. ಚಾರ್ಟ್‌ನಲ್ಲಿ 9:15ರಿಂದ 9:30ರವರೆಗಿನ ಏರಿಳಿತ ತೋರಿಸುವ ಕ್ಯಾಂಡಲ್‌ನ ಮೇಲ್ತುದಿ ದಾಟಿ ಐದು ನಿಮಿಷದ ಕ್ಯಾಂಡಲ್ ಮುಗಿದರೆ ಏರಿಕೆಗೆ ಪಣ ಕಟ್ಟುವ ಕಾಲ್, ಕೆಳತುದಿ ಇಳಿದು ಮುಗಿದರೆ ಇಳಿಕೆಗೆ ಪಣ ಕಟ್ಟುವ ಪುಟ್. 11:30ರ ನಂತರ ಹೊಸ ಎಂಟ್ರಿ ಇಲ್ಲ. ಖರೀದಿಯಾದ ತಕ್ಷಣ ಸ್ಟಾಪ್‌ಲಾಸ್ ಆರ್ಡರ್, ಅದನ್ನು ಕೆಳಗೆ ಸರಿಸುವಂತಿಲ್ಲ; ಏನೇ ಆದರೂ 2:45ಕ್ಕೆ ಹೊರಗೆ. ದಿನಕ್ಕೆ ಒಂದೇ ಟ್ರೇಡ್, ಒಂದೇ ಲಾಟ್. ಸೋತ ತಕ್ಷಣ ಆ್ಯಪ್‌ನ ಕಿಲ್ ಸ್ವಿಚ್ ಒತ್ತಿ ಆ ದಿನದ ಟ್ರೇಡಿಂಗ್ ಬಂದ್ ಮಾಡಬೇಕು. ಉಳಿದ ಐನೂರು ಮುಟ್ಟಬಾರದು. ಬ್ರೋಕರೇಜ್, ತೆರಿಗೆಗೆ ಒಂದಷ್ಟು ಬೇಕು. ಬೆಲೆ ಜೋರಾಗಿ ಬಿದ್ದಾಗ ಸ್ಟಾಪ್‌ಲಾಸ್ ಹೇಳಿದ ಬೆಲೆಗೇ ಸಿಗುವುದಿಲ್ಲ, ಅದಕ್ಕೂ ಬೇಕು.

ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಬಿಡು ಅನ್ನುವ ಬದಲು ಆಡಲು ಕಲಿಸಿದಿರಾ ಅಂತ. ಬಿಡಿ ಅಂತಲೂ ಹೇಳಿದ್ದೆ. ಫ್ಯೂಚರ್ಸ್ ಅಂಡ್ ಆಪ್ಷನ್ಸ್, ಅಂದರೆ ಎಫ್ ಅಂಡ್ ಒ ಮಾಡಿದ ಬಿಡಿ ವ್ಯಕ್ತಿಗಳಲ್ಲಿ 93% ಜನ 2024ರ ಮಾರ್ಚ್‌ವರೆಗಿನ ಮೂರು ವರ್ಷದಲ್ಲಿ ನಷ್ಟ ಮಾಡಿಕೊಂಡರು ಎಂಬ, ಮಾರುಕಟ್ಟೆ ನಿಯಂತ್ರಕ ಸೆಬಿಯ ಲೆಕ್ಕವನ್ನು ತೋರಿಸಿದ್ದೆ. ಅದು ಅವರಿಗೆ ಬಾಯಿಪಾಠವಿತ್ತು. ಎಲ್ಲರೂ ತಾವು ಉಳಿದ ಏಳರಲ್ಲಿ ಒಬ್ಬರು ಅಂದುಕೊಂಡೇ ಬರುತ್ತಾರೆ. ಈ ರೂಲ್‌ನಿಂದ ಲಾಭ ಬರುತ್ತದೆ ಅಂತ ನಾನು ಹೇಳಲಿಲ್ಲ, ಹೇಳುವ ಅರ್ಹತೆಯೂ ನನಗಿಲ್ಲ. ನನಗೆ ಬೇಕಿದ್ದದ್ದು ಒಂದು ಅಳತೆಗೋಲು. ಪಾಲಿಸಲು ಸಾಧ್ಯವಿರುವ ರೂಲ್ ಅನ್ನೂ ಮುರಿದರೆ, ಆಗ ತೊಂದರೆ ಸ್ಟ್ರಾಟಜಿಯದ್ದಲ್ಲ, ಚಟದ್ದು ಅಂತ ಇಬ್ಬರೂ ಒಪ್ಪಬಹುದು. ಅದಕ್ಕೇ ಹಾಳೆಯ ಕೆಳಗೆ ನಾಲ್ಕನೇ ಸಾಲು ಬರೆಸಿದೆ: ತಿಂಗಳಲ್ಲಿ ಮೂರು ಸಲ ಮುರಿದರೆ ಖಾತೆಯ ಎಫ್ ಅಂಡ್ ಒ ಸೆಗ್ಮೆಂಟ್ ಮುಚ್ಚುವುದು. ಕೆಳಗೆ ಹೆಂಡತಿಯ ಸಹಿ.

ತಿಂಗಳಾದ ಮೇಲೆ ಬಂದರು. ನಷ್ಟವೇ, ಆದರೆ ಒಂಬತ್ತು ಸಾವಿರ ಚಿಲ್ಲರೆ. ಮುರಿದದ್ದು ಎರಡು ಸಲ, ಎರಡೂ ಸಲ ಮೊದಲ ಟ್ರೇಡ್ ಗೆದ್ದ ದಿನ. ಗೆದ್ದ ಮೇಲೂ ಕಿಲ್ ಸ್ವಿಚ್ ಒತ್ತಬೇಕು ಅಂತ ಹಾಳೆಯಲ್ಲಿ ಬರೆದಿರಲಿಲ್ಲ. ಅದು ನನಗೂ ಹೊಳೆದಿರಲಿಲ್ಲ. ಪೆನ್ನು ಕೇಳಿ ಅವರೇ "ಸೋತ" ಅನ್ನುವ ಪದ ಹೊಡೆದುಹಾಕಿ "ಮುಗಿದ" ಅಂತ ಬರೆದರು.