ಗೆಳೆಯನ ನಿಶ್ಚಿತಾರ್ಥಕ್ಕೆ ಕೈಬಿಟ್ಟರೂ ಜಾರದ ಪಂಚೆ

"ಮುಂದಿನ ತಿಂಗಳು ಚಿಂತಾಮಣಿಯಲ್ಲಿ ಗೆಳೆಯನ ನಿಶ್ಚಿತಾರ್ಥ. ನಾನು ಹುಡುಗನ ಕಡೆಯವನು. ಪಂಚೆ ಉಟ್ಟು ಅಭ್ಯಾಸ ಇಲ್ಲ, ಆದರೆ ಪ್ಯಾಂಟ್ ಹಾಕಿದರೆ ಹಿರಿಯರು ಏನಂತಾರೋ. ಆರಾಮಾಗಿರೋ ಹಾಗೆ ಏನು ಹಾಕಿಕೊಳ್ಳಲಿ?"

ಪಂಚೆಯನ್ನೇ ಉಡಿ. ಆದರೆ ಫೋಟೋ ಬಗ್ಗೆ ಯೋಚಿಸುವ ಮೊದಲು ನಿಮ್ಮ ಎರಡು ಕೈಗಳ ಬಗ್ಗೆ ಯೋಚಿಸಿ. ನಿಶ್ಚಿತಾರ್ಥದಲ್ಲಿ ಹುಡುಗ ಸುಮ್ನೆ ಕೂತಿರುತ್ತಾನೆ, ಓಡಾಡುವುದು ಅವನ ಗೆಳೆಯ. ಹಣ್ಣಿನ ತಟ್ಟೆ, ಸೀರೆಯ ತಟ್ಟೆ, ಹೂವಿನ ಬುಟ್ಟಿ ಎಲ್ಲ ಕಾರಿನಿಂದ ಒಳಗೆ ಹೋಗಬೇಕು. ಆಮೇಲೆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಯಾರೋ ಕರೆದರೆ ತಕ್ಷಣ ಏಳಬೇಕು. ಪಂಚೆ ಹಿಡಿದುಕೊಳ್ಳೋಕೆ ಕೈ ಖಾಲಿ ಇರುವುದಿಲ್ಲ.

ನನಗೆ ಇದು ಗೊತ್ತಾಗಿದ್ದು ಶಿಡ್ಲಘಟ್ಟದಲ್ಲಿ, ಗೆಳೆಯನ ನಿಶ್ಚಿತಾರ್ಥದ ದಿನ. ಅಂಗಡಿಯಿಂದ ತಂದ ಪಂಚೆಯನ್ನು ಹಾಗೇ ಮಡಿಕೆ ಬಿಚ್ಚಿ ಉಟ್ಟಿದ್ದೆ. ತೆಂಗಿನಕಾಯಿ ತಟ್ಟೆ ಹಿಡಿದು ಮೆಟ್ಟಿಲು ಹತ್ತುವಾಗ ಸೊಂಟದ ಹತ್ತಿರ ಸಡಿಲ ಆಯ್ತು. ಎರಡೂ ಮೊಣಕೈಯಲ್ಲಿ ಪಂಚೆ ಒತ್ತಿಕೊಂಡು ಬಾಗಿಲಲ್ಲೇ ನಿಂತೆ. ಹುಡುಗಿಯ ಅಜ್ಜಿ ನೋಡಿ, "ಯಾಕಪ್ಪಾ, ಹೊಟ್ಟೆ ನೋವಾ?" ಅಂದರು.

ತಪ್ಪು ಗಂಜಿಯದು. ಹೊಸ ಪಂಚೆ ಕಾಗದದ ಹಾಗೆ ಬಿರುಸಾಗಿರುತ್ತದೆ, ಪದರಕ್ಕೆ ಪದರ ಅಂಟಿಕೊಳ್ಳುವುದಿಲ್ಲ, ಜಾರುತ್ತದೆ. ಅದಕ್ಕೇ ಮೊದಲೇ ಒಂದು ಸಲ ನೀರಲ್ಲಿ ನೆನೆಸಿ, ಒಗೆದು, ಇಸ್ತ್ರಿ ಮಾಡಿ. ಪೂರ್ತಿ ಹತ್ತಿಯದೇ ತಗೊಳ್ಳಿ. ನಾಲ್ಕು ಮೊಳದ್ದು ಬೇಡ, ಎಂಟು ಮೊಳದ್ದು ಕೇಳಿ. ಅದನ್ನು ಅರ್ಧಕ್ಕೆ ಮಡಿಸಿ ಎರಡು ಪದರ ಮಾಡಿ ಉಟ್ಟರೆ ಮೈ ಕಾಣುವುದಿಲ್ಲ, ಹಿಡಿತವೂ ಜಾಸ್ತಿ.

ಉಡುವಾಗ ಕಾಲು ಜೋಡಿಸಿ ನಿಲ್ಲಬೇಡಿ. ಎಲ್ಲರೂ ಮಾಡುವ ತಪ್ಪೇ ಅದು. ಕಾಲು ಭುಜದಷ್ಟು ಅಗಲಿಸಿ ನಿಂತು, ಪಂಚೆಯ ನಡುಭಾಗ ಬೆನ್ನಿಗೆ ಬರುವಂತೆ ಹಿಡಿಯಿರಿ. ಒಂದು ತುದಿಯನ್ನು ಎದುರು ಸೊಂಟಕ್ಕೆ ಎಳೆದು ಸಿಕ್ಕಿಸಿ, ಇನ್ನೊಂದನ್ನು ಅದರ ಮೇಲೆ ಬಿಗಿಯಾಗಿ ಎಳೆದು ಆಚೆ ಸೊಂಟಕ್ಕೆ ಸಿಕ್ಕಿಸಿ. ಕಾಲು ಅಗಲಿಸಿದ್ದರಿಂದ ಮೆಟ್ಟಿಲು ಹತ್ತೋಕೆ ಜಾಗ ಉಳಿಯುತ್ತದೆ. ಕೆಳಗಿನ ಅಂಚು ಕಾಲಿನ ಗಂಟಿನ ಮಟ್ಟಕ್ಕಿರಲಿ, ನೆಲ ಗುಡಿಸುವಷ್ಟು ಬೇಡ. ಈಗ ಮೇಲೊಂದು ಬೆಲ್ಟ್ ಹಾಕಿ, ಪಂಚೆಯ ಮೇಲಂಚನ್ನು ಬೆಲ್ಟ್ ಮುಚ್ಚುವ ಹಾಗೆ ಹೊರಕ್ಕೆ ಮಡಚಿಬಿಡಿ. ಶರ್ಟ್ ಮೇಲೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಸೊಂಟಕ್ಕೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸುವ ಪಂಚೆ ಸಿಗುತ್ತದೆ ನಿಜ, ನಿಂತಿರುವವರೆಗೆ ಚೆನ್ನಾಗಿರುತ್ತದೆ. ಚಕ್ಕಳಮಕ್ಕಳ ಹಾಕಿದಾಗ ಪಟ್ಟಿ "ಚರ್ರ್" ಅಂದರೆ ಇಡೀ ಮನೆ ತಿರುಗಿ ನೋಡುತ್ತದೆ. ಬೆಲ್ಟೇ ವಾಸಿ.

ಒಳಗೆ ಮೊಣಕಾಲುವರೆಗಿನ ತಿಳಿ ಬಣ್ಣದ ಚಡ್ಡಿ ಇರಲಿ, ಜೇಬು ಇರುವಂಥದ್ದು. ಗಾಢ ಬಣ್ಣ, ಚೌಕಳಿ ಆದರೆ ಬಿಸಿಲಲ್ಲಿ ನಿಂತಾಗ ಪಂಚೆಯಾಚೆ ಕಾಣುತ್ತದೆ. ಫೋನು, ಕಾರಿನ ಕೀ ಅದರಲ್ಲಿ. ಶರ್ಟಿನ ಜೇಬಲ್ಲಿಟ್ಟರೆ ಬಗ್ಗಿದಾಗ ಫೋನು ನೇರ ತಟ್ಟೆಗೆ ಬೀಳುತ್ತದೆ.

ಶರ್ಟ್ ವಿಷಯಕ್ಕೆ ಬಂದರೆ, ರೇಷ್ಮೆ ನಮ್ಮೂರ ಬೆಳೆಯೇ ಆದರೂ ಅವತ್ತು ಹತ್ತಿಯದ್ದೇ ಹಾಕಿ. ಆರ್ಟ್ ಸಿಲ್ಕ್ ಅಂತ ಮಾರುವ ಹೊಳೆಯುವ ಶರ್ಟಂತೂ ಬೇಡ. ಅದರಲ್ಲಿ ಹೆಚ್ಚಿನವು ಪಾಲಿಯೆಸ್ಟರ್, ಬೆವರು ಹೀರುವುದಿಲ್ಲ, ಅರ್ಧ ಗಂಟೆಗೇ ಬೆನ್ನಿಗೆ ಅಂಟುತ್ತದೆ. ಬೂದು, ತಿಳಿ ನೀಲಿಯಲ್ಲಿ ಕಂಕುಳ ಕಲೆ ಎದ್ದು ಕಾಣುತ್ತದೆ. ಕಡುಗೆಂಪು, ಗಾಢ ಹಸಿರು ಆರಿಸಿ, ಪಂಚೆಯ ಅಂಚೂ ಅದೇ ಬಣ್ಣದ್ದಾದರೆ ಸಾಕು. ಕೆನೆ ಬಣ್ಣಕ್ಕೆ ಅಗಲ ಜರಿ ಅಂಚು ಹುಡುಗನಿಗೇ ಬಿಡಿ, ಇಲ್ಲದಿದ್ದರೆ ಹುಡುಗ ಯಾರು ಅಂತ ಫೋಟೋದಲ್ಲಿ ಕೇಳಬೇಕಾಗುತ್ತದೆ. ಏನಕ್ಕೂ ಅವನ ಬಟ್ಟೆಯ ಬಣ್ಣ ಮೊದಲೇ ಕೇಳಿಕೊಳ್ಳಿ. ಪೂರ್ತಿ ಕಪ್ಪು ಬೇಡ, ಹಿರಿಯರು ಬಾಯಿಬಿಟ್ಟು ಅನ್ನದಿದ್ದರೂ ಮುಖದಲ್ಲಿ ಗೊತ್ತಾಗುತ್ತದೆ. ಶಲ್ಯ ಬಿಟ್ಟುಬಿಡಿ, ತಟ್ಟೆ ಹಿಡಿದವನ ಹೆಗಲ ಮೇಲೆ ಅದು ನಿಲ್ಲುವುದಿಲ್ಲ. ಕಾಲಿಗೆ ಚಪ್ಪಲಿ. ಲೇಸಿನ ಶೂ ಹತ್ತು ಸಲ ಬಿಚ್ಚಿ ಕಟ್ಟೋಕಾಗಲ್ಲ.

ಹಿಂದಿನ ದಿನ ಮನೆಯಲ್ಲಿ ಪೂರ್ತಿ ಉಟ್ಟುಕೊಂಡು ಒಂದು ತುಂಬಿದ ಬಕೆಟ್ ಎರಡೂ ಕೈಯಲ್ಲಿ ಎತ್ತಿ, ಮೆಟ್ಟಿಲು ಹತ್ತಿ ಇಳಿಯಿರಿ. ನೆಲದ ಮೇಲೆ ಕೂತು, ಕೈ ಊರದೆ ಏಳಿ. ಸೊಂಟದ ಹತ್ತಿರ ಒಂದು ಸಲವಾದರೂ ಕೈ ಹೋದರೆ ಬಿಚ್ಚಿ ಇನ್ನೊಮ್ಮೆ ಉಡಿ. ಇನ್ನೊಂದು ಮಾತು: ಕೆಲಸ ಮಾಡುವಾಗ ಪಂಚೆ ಎತ್ತಿ ಕಟ್ಟಿದರೆ ಯಾರೂ ಏನೂ ಅನ್ನುವುದಿಲ್ಲ. ಹುಡುಗಿಯ ತಂದೆ ಎದುರು ಬಂದಾಗ ಮಾತ್ರ ಇಳಿಬಿಟ್ಟು ಮಾತಾಡಿ.