ಭತ್ತ ಬೇಡ ಅನ್ನಿಸುವ ಪ್ರಶ್ನೆ

ಪ್ರಶ್ನೆ: ಸಿಂಧನೂರು ರೈತರಿಗೆ ಕಳಿಸಿರುವ ಆನ್‌ಲೈನ್ ಸರ್ವೆಯ ಸ್ಕ್ರೀನ್‌ಶಾಟ್ ಇದು. "ನೀರು ಪೋಲು ಮಾಡುವ ಭತ್ತ ಬಿಟ್ಟು ಜೋಳ ಬೆಳೆಯಬೇಕು ಅಂತ ನೀವೂ ಒಪ್ಪುತ್ತೀರಲ್ಲವೇ?" ಆಯ್ಕೆಗಳು: ಖಂಡಿತ, ಹೌದು, ಇಲ್ಲ. ಇದನ್ನು ಹೇಗೆ ತಿದ್ದಲಿ?

ಉತ್ತರ: "ಪೋಲು ಮಾಡುವ" ಅನ್ನೋದು ಆಗಲೇ ತೀರ್ಪು ಕೊಟ್ಟುಬಿಟ್ಟಿದೆ. "ನೀವೂ ಒಪ್ಪುತ್ತೀರಲ್ಲವೇ" ಅಂದರೆ ಬಹಳ ಜನ ಸುಮ್ನೆ ಹೂಂ ಅಂತಾರೆ. ಆಯ್ಕೆಯಲ್ಲೂ ಒಪ್ಪುವವರಿಗೆ ಎರಡು ಜಾಗ, ಒಪ್ಪದವರಿಗೆ ಒಂದೇ. ಅದು ನ್ಯಾಯವಲ್ಲ.

ಹೀಗೆ ಕೇಳಿ: "ಕಾಲುವೆ ನೀರು ಸಿಕ್ಕರೆ ಮುಂದಿನ ಬೇಸಿಗೆಯಲ್ಲಿ ಯಾವ ಬೆಳೆ ಹಾಕಲು ಬಯಸುತ್ತೀರಿ?" ಆಯ್ಕೆ: ಭತ್ತ, ಜೋಳ, ಬೇರೆ ಬೆಳೆ, ಏನೂ ಇಲ್ಲ, ಇನ್ನೂ ನಿರ್ಧರಿಸಿಲ್ಲ. ಭತ್ತ, ಜೋಳದ ಕ್ರಮವನ್ನು ಅರ್ಧ ಜನರಿಗೆ ಅದಲು ಬದಲು ಮಾಡಿ.

ಭತ್ತ ಬೆಳೆಯುವ ಒಬ್ಬರಿಗೆ, ಬೆಳೆಯದ ಒಬ್ಬರಿಗೆ ಓದಿ ತೋರಿಸಿ. ನಿಮಗೆ ಯಾವ ಉತ್ತರ ಬೇಕು ಅಂತ ಇಬ್ಬರಿಗೂ ಊಹಿಸಲಾಗಬಾರದು. ಹಳೇ ಪ್ರಶ್ನೆಗೆ ಬಂದ ಉತ್ತರಗಳನ್ನು ಹೊಸದರ ಜೊತೆ ಕೂಡಿಸಬೇಡಿ.