ಎರಡನೇ ಸೈನ್ ಹಾಕಿದ ಸಿಸ್ಟರ್: ಕಾಪಿ ಹೊಡೆದ ಇಂಟರ್ನಲ್ಸ್ ವಾರ್ಡಿಗೆ ಬಂದಾಗ

ಕೋವಿಡ್ ಟೈಮಲ್ಲಿ ಆನ್‌ಲೈನ್ ಇಂಟರ್ನಲ್ಸ್ ಬರೆದು ಪಾಸಾಗಿ ಈಗ ಕೆಲಸಕ್ಕೆ ಸೇರಿರೋರು ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋದು ಹೊಸದೇನಲ್ಲ. ಯಾರೂ "ನಾನು ಕಾಪಿ ಮಾಡಿದೀನಿ" ಅಂತ ಹೇಳ್ಕೊಂಡು ಬರಲ್ಲ. ನಿದ್ದೆ ಬರ್ತಿಲ್ಲ, ಡ್ಯೂಟಿಗೆ ಹೋಗೋಕೆ ಭಯ, ಎದೆ ಡವಡವ ಅಂತ ಬರ್ತಾರೆ, ಎರಡು ಮೂರು ಸೆಷನ್ ಆದ್ಮೇಲೆ ಆ ಮಾತು ಹೊರಗೆ ಬೀಳತ್ತೆ. ಅಂಥದ್ರಲ್ಲಿ ಒಂದನ್ನ ಬರೀತಿದೀನಿ, ಆಕೆ ಒಪ್ಪಿಗೆ ಕೊಟ್ಟಿದಾಳೆ. ಸುಮಾ ಅಂತ ಇಟ್ಕೊಳ್ಳಿ, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ.

ಸುಮಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮನೇಲಿ ಮೊದಲನೇ ಸಂಬಳ ಇವಳದೇ, ತಮ್ಮನ ಫೀಸು ಇವಳೇ ಕಟ್ತಾಳೆ. ಕಾಲೇಜಲ್ಲಿ ಇಂಟರ್ನಲ್ಸ್ ಅಂದ್ರೆ ಗೂಗಲ್ ಫಾರ್ಮ್, ಪಕ್ಕದಲ್ಲಿ ಇನ್ನೊಂದು ಫೋನಲ್ಲಿ ಕ್ಲಾಸಿನ ವಾಟ್ಸಾಪ್ ಗ್ರೂಪು, ಯಾರೋ ಒಬ್ರು ಉತ್ತರ ಹಾಕಿದ್ರೆ ಎಲ್ಲರೂ ಟಿಕ್. ಇನ್ವಿಜಿಲೇಟರ್ ಇಲ್ಲ, ಕ್ಯಾಮೆರಾ ಇಲ್ಲ. ಫಾರ್ಮಕಾಲಜಿಲಿ ಮೂವತ್ತಕ್ಕೆ ಇಪ್ಪತ್ತೆಂಟು. ಇಷ್ಟು ಹಿನ್ನೆಲೆ ಸಾಕು.

ಅವಳನ್ನ ನನ್ನ ಹತ್ರ ಕರ್ಕೊಂಡು ಬಂದಿದ್ದು ಒಂದು ನೈಟ್ ಡ್ಯೂಟಿ. ಹೆಪಾರಿನ್ ಅಂತ ಒಂದು ಔಷಧಿ ಇದೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋದು, ಜಾಸ್ತಿ ಆದ್ರೆ ರಕ್ತಸ್ರಾವ. ಇದು 5 ಎಂ.ಎಲ್.ನ ಸಣ್ಣ ಬಾಟಲಿ, ಅಂದ್ರೆ ವಯಲ್‌ನಲ್ಲಿ ಬರತ್ತೆ, ಆದ್ರೆ ಒಂದು ಥರದ್ರಲ್ಲಿ ಪ್ರತಿ ಎಂ.ಎಲ್.ಗೆ 1000 ಯೂನಿಟ್, ಇನ್ನೊಂದ್ರಲ್ಲಿ ಪ್ರತಿ ಎಂ.ಎಲ್.ಗೆ 5000 ಯೂನಿಟ್. ವಯಲ್ ಸೈಜು ಒಂದೇ, ಲೇಬಲ್ ಓದದಿದ್ರೆ ಗೊತ್ತಾಗಲ್ಲ. ಡಾಕ್ಟರ್ ಆರ್ಡರ್ 2500 ಯೂನಿಟ್. ಮೊದಲನೇ ವಯಲ್ ಆದ್ರೆ ಎರಡೂವರೆ ಎಂ.ಎಲ್. ಎಳೀಬೇಕು, ಎರಡನೇದಾದ್ರೆ ಬರೀ ಅರ್ಧ ಎಂ.ಎಲ್. ಅವತ್ತು ಟ್ರೇನಲ್ಲಿದ್ದಿದ್ದು 5000ದ್ದು. ಜೊತೆಗಿದ್ದ ಸಿಸ್ಟರ್ ಅಭ್ಯಾಸಬಲದಲ್ಲಿ ಎರಡೂವರೆ ಎಳೆದ್ರು, ಅಂದ್ರೆ 12,500 ಯೂನಿಟ್, ಐದು ಪಟ್ಟು.

ಇಂಥದ್ದು ಆಗಬಾರ್ದು ಅಂತಾನೇ ಹೆಪಾರಿನ್, ಇನ್ಸುಲಿನ್, ಪೊಟ್ಯಾಸಿಯಂ ಕ್ಲೋರೈಡ್ ತರದ ಡೇಂಜರ್ ಔಷಧಿಗೆ ಎಷ್ಟೋ ಆಸ್ಪತ್ರೆಲಿ ಇಬ್ಬರು ಚೆಕ್ ಮಾಡಿ ಇಬ್ಬರೂ ಸೈನ್ ಹಾಕೋ ರೂಲ್ ಇದೆ. ಎರಡನೆಯವರು ಮೊದಲನೆಯವರ ಲೆಕ್ಕ ನೋಡದೆ ತಾವೇ ಬೇರೆ ಮಾಡಬೇಕು, ಆಮೇಲೆ ಎರಡೂ ತಾಳೆ ನೋಡಬೇಕು. ಆ ಸಿಸ್ಟರ್ "ಎರಡೂವರೆ ಅಲ್ವೇನೇ?" ಅಂದ್ರು, ಸುಮಾ "ಹೂಂ ಅಕ್ಕಾ" ಅಂದ್ಲು, ಸೈನ್ ಹಾಕಿದ್ಲು. ಅದೃಷ್ಟಕ್ಕೆ ಇನ್‌ಚಾರ್ಜ್ ಸಿಸ್ಟರ್ ಸಿರಿಂಜ್ ನೋಡಿ "ಯಾವ ವಯಲ್ಲಮ್ಮಾ ಇದು" ಅಂತ ತಡೆದ್ರು. ಪೇಷೆಂಟ್‌ಗೆ ಏನೂ ಆಗ್ಲಿಲ್ಲ.

ಮೊದಲ ಎರಡು ಸೆಷನ್ ಪೂರ್ತಿ ಅಳು. ನನ್ನಿಂದ ಒಂದು ಜೀವ ಹೋಗ್ತಿತ್ತು, ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ, ಬಿಟ್ಬಿಡ್ತೀನಿ. ನಾನು ಹೆಚ್ಚೇನೂ ಮಾತಾಡ್ಲಿಲ್ಲ. ಮೂರನೇ ಸಲ ಬಂದಾಗ ಒಂದೇ ಪ್ರಶ್ನೆ ಕೇಳಿದೆ: ಅವರು ಎರಡೂವರೆ ಅಂದಾಗ ನಿನ್ನ ಲೆಕ್ಕದಲ್ಲಿ ಎಷ್ಟು ಬಂದಿತ್ತು?

ತುಂಬಾ ಹೊತ್ತು ಸುಮ್ನಿದ್ಲು. ಆಮೇಲೆ ಹೇಳಿದ್ಲು, "ನಂದು ಅಂತ ಲೆಕ್ಕಾನೇ ಇರ್ಲಿಲ್ಲ ಮೇಡಂ. ಬೇರೆಯವರ ಉತ್ತರ ಕಿವಿಗೆ ಬಿತ್ತು ಅಂದ್ರೆ ನನ್ನ ತಲೆ ಅಲ್ಲೇ ನಿಂತೋಗತ್ತೆ. ಗ್ರೂಪಲ್ಲಿ ಉತ್ತರ ಬಂದಾಗ್ಲೂ ಹಂಗೇ ಆಗ್ತಿತ್ತು. ಆದ್ರೆ ನಾನು ಕ್ಯಾಲ್ಕುಲೇಷನ್ನಲ್ಲಿ ವೀಕ್ ಅಂತ ನಂಗೆ ಯಾವತ್ತೂ ಅನ್ನಿಸಿರ್ಲಿಲ್ಲ, ಇಪ್ಪತ್ತೆಂಟು ಬಂದಿತ್ತಲ್ಲ."

ಈ ಕೊನೇ ಮಾತು ಕೇಳಿ ನಾನು ಪೆನ್ ಕೆಳಗಿಟ್ಟೆ. ಉತ್ತರ ಗ್ರೂಪಿಂದ ಬಂದಿದ್ದು ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೋಳು ಅವಳೇ, ಆದ್ರೂ ಆ ಇಪ್ಪತ್ತೆಂಟನ್ನ ನಂಬಿದ್ದೋಳೂ ಅವಳೇ. ಯಾರೂ ನೋಡ್ತಿಲ್ಲ ಅಂದ್ಕೊಂಡು ಕಾಪಿ ಹೊಡೆಯೋ ಮಕ್ಕಳು ಲೆಕ್ಚರರ್‌ಗೆ ಮೋಸ ಮಾಡಿದ್ವಿ ಅಂದ್ಕೋತಾರೆ. ಲೆಕ್ಚರರ್‌ಗೆ ಆಗ್ಲೇ ಡೌಟ್ ಇರತ್ತೆ, ಇಡೀ ಕ್ಲಾಸಿಗೆ ಇಪ್ಪತ್ತೆಂಟು ಬಂದ್ರೆ ಯಾರಿಗೆ ಡೌಟ್ ಬರಲ್ಲ ಹೇಳಿ. ಎರಡು ವರ್ಷ ಕಳೆದ್ಮೇಲೆ ಉತ್ತರ ಎಲ್ಲಿಂದ ಬಂತು ಅನ್ನೋದು ಮರೆತೋಗತ್ತೆ, ಮಾರ್ಕ್ಸ್ ಕಾರ್ಡ್ ಮಾತ್ರ ಉಳಿಯತ್ತೆ, ಅದನ್ನ ನೋಡ್ಕೊಂಡು ತಮ್ಮ ಶಕ್ತಿ ಇಷ್ಟು ಅಂತ ಅಳೀತಾರೆ. ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿ ಇಟ್ಟೋರು ಆಮೇಲೆ ಅದನ್ನೇ ನೋಡಿ ಜ್ವರ ಇಲ್ಲ ಅಂತ ಔಷಧಿ ಬಿಟ್ಟಂಗೆ.

ಪರೀಕ್ಷೆ ಅಂದ್ರೆ ಮಾರ್ಕ್ಸ್ ಕೊಡೋದಷ್ಟೇ ಅಲ್ಲ, ಬರೆಯೋ ಕೆಲಸಾನೇ ಕಲಿಸತ್ತೆ. ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಅಂತ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಗುಂಪು ಪಾಠವನ್ನ ಎರಡು ಸಲ ಓದ್ತು, ಇನ್ನೊಂದು ಗುಂಪು ಒಂದು ಸಲ ಓದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀತು. ಐದು ನಿಮಿಷ ಬಿಟ್ಟು ಕೇಳಿದ್ರೆ ಎರಡು ಸಲ ಓದಿದೋರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಉಲ್ಟಾ, ಮುಚ್ಚಿ ಬರೆದೋರಿಗೆ ಸುಮಾರು 56 ಪರ್ಸೆಂಟ್ ನೆನಪಿತ್ತು, ಓದಿದೋರಿಗೆ 42. ತಡಕಾಡಿ ನೆನಪು ಮಾಡ್ಕೊಳ್ಳೋ ಆ ಕಷ್ಟದಲ್ಲೇ ವಿಷಯ ಗಟ್ಟಿಯಾಗತ್ತೆ, ಗ್ರೂಪ್ ನೋಡಿ ಟಿಕ್ ಮಾಡಿದಾಗ ನೀವು ಬಿಟ್ಟುಕೊಡೋದು ಆ ತಡಕಾಟಾನ.

"ಎಲ್ಲಾ ತಪ್ಪನ್ನೂ ಕಾಪಿ ಮೇಲೆ ಹಾಕ್ತಿದೀರ" ಅಂತ ಕೆಲವರು ಹೇಳ್ತಾರೆ ಅಂತ ಗೊತ್ತು. ಇಲ್ಲ. ಲೆಕ್ಕ ತಪ್ಪಿದ ಆ ಸೀನಿಯರ್ ಸಿಸ್ಟರ್ ಹಾಲ್‌ನಲ್ಲಿ ಕೂತು ನೆಟ್ಟಗೆ ಪರೀಕ್ಷೆ ಬರೆದೋರು. ರಾತ್ರಿ ವಾರ್ಡಲ್ಲಿ ಜನ ಕಮ್ಮಿ, ಕೆಲಸ ಜಾಸ್ತಿ, ಯಾರಿಗಾದ್ರೂ ತಪ್ಪತ್ತೆ, ಅದಕ್ಕೇ ಎರಡನೇ ಸೈನ್ ಇರೋದು. ನಾನು ಹೇಳ್ತಿರೋದು ಆ ಎರಡನೇ ಸೈನ್ ಬಗ್ಗೆ ಮಾತ್ರ. ರಿಜಿಸ್ಟರ್ ನೋಡಿದ್ರೆ ಎರಡು ಸೈನ್ ಇರತ್ತೆ, ಎರಡನೆಯವರು ಲೆಕ್ಕ ಮಾಡಿದ್ರೋ ಹೂಂಗುಟ್ಟಿದ್ರೋ ಅಂತ ಯಾವ ಸಿಸಿಟಿವಿಲೂ ಕಾಣಲ್ಲ. ಗೂಗಲ್ ಫಾರ್ಮ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಕ್ಯಾಮೆರಾ ಅಂದ್ಕೂಡ್ಲೇ ಇನ್ನೊಂದು ನೆನಪಾಯ್ತು. 2024ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತಲ್ಲ, ಅದರ ಹಿಂದಿನ ವರ್ಷ 83.89 ಪರ್ಸೆಂಟ್ ಇದ್ದ ರಿಸಲ್ಟು 73.40ಕ್ಕೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದ್ಮೇಲೆ. ಕ್ಯಾಮೆರಾ ಇಟ್ಟು ಮಕ್ಕಳನ್ನ ಫೇಲ್ ಮಾಡಿದ್ರು ಅಂತ ಬೈದ ಅಪ್ಪ ಅಮ್ಮಂದಿರನ್ನ ನೋಡಿದೀನಿ. ಇಳಿಕೆಗೆಲ್ಲ ಕಾಪಿ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದ್ರೆ ಕ್ಯಾಮೆರಾ ಇಟ್ಟ ದಿನ ಆ ಮಕ್ಕಳ ತಲೇಲಿದ್ದಿದ್ದು ಕಮ್ಮಿ ಆಗ್ಲಿಲ್ಲವಲ್ಲ.

ಸುಮಾಗೆ ಏನು ಹೇಳಿದೆ ಅನ್ನೋದಕ್ಕೆ ಬರ್ತೀನಿ. ಕಾಲೇಜಿಗೆ ಹೋಗಿ ತಪ್ಪೊಪ್ಪಿಕೋತೀನಿ ಅಂತ ಅವಳೇ ಹೊರಟಿದ್ಲು, ನಾನು ಬೇಡ ಅಂದೆ. ಇದಕ್ಕೆ ನನ್ನ ಸಹೋದ್ಯೋಗಿ ಒಬ್ಬರು ನನ್ನ ಮೇಲೆ ಸಿಟ್ಟಾದ್ರು, ಪ್ರಾಮಾಣಿಕತೆ ಬಗ್ಗೆ ಮಾತಾಡೋರು ಹಿಂಗೆ ಮುಚ್ಚಿಡಿಸ್ತೀರಾ ಅಂತ. ನನ್ನ ಕಾರಣ ಇಷ್ಟೇ. ಕಾಲೇಜಿಗೆ ಹೇಳಿದ್ರೆ ಇಡೀ ಬ್ಯಾಚ್ ಹೆಸರು ಬರತ್ತೆ, ಇವಳಿಗೆ ಮನಸ್ಸು ಹಗುರ ಆಗತ್ತೆ, ಆದ್ರೆ ಮಾರನೇ ದಿನ ವಾರ್ಡಲ್ಲಿ ವಯಲ್ ಹಿಡಿದಾಗ ಲೆಕ್ಕ ಬರಲ್ಲ. ಗೊತ್ತಾಗ್ಲೇಬೇಕಾದೋರು ಇನ್‌ಚಾರ್ಜ್ ಸಿಸ್ಟರ್, ಯಾಕಂದ್ರೆ ಪೇಷೆಂಟ್ ಇರೋದು ಅವರ ವಾರ್ಡಲ್ಲಿ. ಅವರಿಗೆ "ನಂಗೆ ಡೋಸ್ ಲೆಕ್ಕದಲ್ಲಿ ಗ್ಯಾರಂಟಿ ಇಲ್ಲ, ಸ್ವಲ್ಪ ದಿನ ನೀವು ನೋಡದೆ ನಾನು ಇಂಥ ಔಷಧಿ ಕೊಡಲ್ಲ" ಅಂತ ಹೇಳು ಅಂದೆ. ಕಾಲೇಜಿಗೆ ಹೋಗೋದಕ್ಕಿಂತ ಇದಕ್ಕೇ ಜಾಸ್ತಿ ಹೆದರಿದ್ಲು, ನಿಜ ಹೇಳ್ಬೇಕಂದ್ರೆ ಅದನ್ನ ನೋಡಿಯೇ ಸರಿಯಾದ ಜಾಗ ಇದೇ ಅನ್ನಿಸ್ತು. ಹೇಳಿದ್ಲು. ಆ ಸಿಸ್ಟರ್ ಬೈದ್ರು, ಆಮೇಲೆ ತಮ್ಮ ಜೊತೆಗೇ ಡ್ಯೂಟಿ ಹಾಕಿಸ್ಕೊಂಡ್ರು.

ಎರಡನೇದು, ಫಾರ್ಮಕಾಲಜಿಯ ಹಳೇ ಪ್ರಶ್ನೆಪತ್ರಿಕೆ ತಗೊಂಡು ಒಬ್ಬಳೇ ರೂಮಲ್ಲಿ ಕೂತು, ಫೋನ್ ಆಚೆ ಇಟ್ಟು, ಟೈಮ್ ನೋಡ್ಕೊಂಡು ಬರೀಬೇಕು, ಪ್ರತಿ ಉತ್ತರದ ಪಕ್ಕದಲ್ಲಿ ತಾಳೆ ನೋಡೋ ಮುಂಚೇನೇ ಗ್ಯಾರಂಟಿ, ಡೌಟು, ಗೊತ್ತಿಲ್ಲ ಇದರಲ್ಲಿ ಒಂದು ಬರೀಬೇಕು. "ಗೊತ್ತಿಲ್ಲ" ಅಂತ ಬರೆದಿದ್ದು ತಪ್ಪಾದ್ರೆ ಭಯ ಇಲ್ಲ, ಗೊತ್ತಿಲ್ಲದೋರು ವಾರ್ಡಲ್ಲಿ ಇನ್ನೊಬ್ಬರನ್ನ ಕೇಳ್ತಾರೆ. "ಗ್ಯಾರಂಟಿ" ಅಂತ ಬರೆದು ತಪ್ಪಾಗಿರೋದೇ ಅಪಾಯ. ಡ್ರಿಪ್ ಲೆಕ್ಕ ಸರಿ ಬಂದಿತ್ತು, 500 ಎಂ.ಎಲ್. ನಾಲ್ಕು ಗಂಟೇಲಿ ಹೋಗ್ಬೇಕು, ಎಂ.ಎಲ್.ಗೆ 20 ಹನಿ ಬೀಳೋ ಸೆಟ್ಟು, ಅಂದ್ರೆ 500ನ್ನ 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದ್ರೆ ನಿಮಿಷಕ್ಕೆ ಸುಮಾರು 42 ಹನಿ. ಇದಕ್ಕೆ ಡೌಟು ಅಂತ ಬರೆದಿದ್ಲು ಪಾಪ. ಆದ್ರೆ ಮರಗಟ್ಟಿಸೋ ಔಷಧಿ 2 ಪರ್ಸೆಂಟ್ ಲಿಗ್ನೊಕೇನ್‌ನಲ್ಲಿ ಒಂದು ಎಂ.ಎಲ್.ಗೆ ಎಷ್ಟು ಮಿಲಿಗ್ರಾಂ ಅನ್ನೋದಕ್ಕೆ 2 ಅಂತ ಬರೆದು ಪಕ್ಕದಲ್ಲಿ ಗ್ಯಾರಂಟಿ ಅಂತಿತ್ತು. 2 ಪರ್ಸೆಂಟ್ ಅಂದ್ರೆ 100 ಎಂ.ಎಲ್.ಗೆ 2 ಗ್ರಾಂ, ಅಂದ್ರೆ 2000 ಮಿಲಿಗ್ರಾಂ, ಹಾಗಾಗಿ ಎಂ.ಎಲ್.ಗೆ 20. ಹತ್ತು ಪಟ್ಟು ವ್ಯತ್ಯಾಸ. ಆ ಹಾಳೆ ನೋಡಿ ಮೊದಲ ಸಲ ಅವಳು ಅಳದೆ ಮಾತಾಡಿದ್ಲು, ಯಾಕಂದ್ರೆ "ನಾನು ಲಾಯಕ್ಕಿಲ್ಲ" ಅನ್ನೋ ದೊಡ್ಡ ಭೂತ ಹೋಗಿ ಪರ್ಸೆಂಟ್ ಲೆಕ್ಕ ಬರಲ್ಲ ಅನ್ನೋ ಸಣ್ಣ ವಿಷಯ ಕೈಗೆ ಸಿಕ್ಕಿತ್ತು. ತಪ್ಪಿದ್ದನ್ನ ಮಾರನೇ ದಿನಾನೇ ಬರೀಬೇಡ, ವಾರ ಬಿಟ್ಟು ಬರಿ ಅಂದೆ, ಮಾರನೇ ದಿನ ಎಲ್ಲರಿಗೂ ನೆನಪಿರತ್ತೆ.

ಮೂರನೇದು ಸೈನ್ ಹಾಕೋ ರೀತಿ. ಜೊತೆಯವರು ನಂಬರ್ ಹೇಳೋಕೆ ಮುಂಚೆ "ಅಕ್ಕಾ, ಹೇಳ್ಬೇಡಿ" ಅನ್ನಬೇಕು. ಆರ್ಡರ್ ಶೀಟು, ವಯಲ್ಲು ಎರಡನ್ನೂ ಕೈಯಲ್ಲಿ ಹಿಡಿದು, ಪ್ರತಿ ಎಂ.ಎಲ್.ಗೆ ಎಷ್ಟು ಅಂತ ಲೇಬಲ್ ಜೋರಾಗಿ ಓದಿ, ತನ್ನ ಲೆಕ್ಕ ಚೀಟಿಲಿ ಬರೆದು, ಆಮೇಲೆ ತಾಳೆ. ಒಂದೆರಡು ನಿಮಿಷದ ಕೆಲಸ. ಆದ್ರೂ ವಾರ್ಡಲ್ಲಿ ಇದು ಸಲೀಸಲ್ಲ, ದೊಡ್ಡೋರ ಲೆಕ್ಕದ ಮೇಲೆ ಅನುಮಾನ ಪಟ್ಟಂಗೆ ಕಾಣತ್ತೆ. ಒಬ್ಬರು "ಇವಳೇನು ಡಾಕ್ಟರ್ ಅಂತ ಅಂದ್ಕೊಂಡಿದಾಳಾ" ಅಂದ್ರಂತೆ. ಅದಕ್ಕೆ ಏನು ಉತ್ತರ ಕೊಡ್ಲಿ ಮೇಡಂ ಅಂತ ಕೇಳಿದ್ಲು, ಉತ್ತರ ಏನೂ ಕೊಡ್ಬೇಡ, ನಿಮ್ಮ ಲೆಕ್ಕ ಆದ್ಮೇಲೆ ನಂದನ್ನೂ ಚೆಕ್ ಮಾಡಿ ಅಕ್ಕಾ ಅಂತ ಕೇಳು ಅಂದೆ. ಕೆಲವರು ಒಪ್ಕೊಂಡಿದಾರೆ, ಆ ಒಬ್ಬರು ಮಾತ್ರ ಇನ್ನೂ ಇವಳ ಹತ್ರ ಸೈನ್‌ಗೆ ಬರಲ್ಲ, ಪಕ್ಕದ ವಾರ್ಡಿಗೆ ಹೋಗಿ ಹಾಕಿಸ್ಕೊಂಡು ಬರ್ತಾರಂತೆ.